ಎಡಗಣ್ಣಿನ ಲೆನ್ಸ್

ಲತಾಮಣಿ ಪಾಠ ಹೇಳುವ ಕಾರಿನಲ್ಲಿ ಎರಡು ಬ್ರೇಕ್‌ಗಳಿವೆ. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಎಡಗಡೆ ಸೀಟಿನಲ್ಲಿ ಕೂರುವ ಲತಾಮಣಿಯ ಕಾಲ ಕೆಳಗೆ. ಎರಡಕ್ಕೂ ನಡುವೆ ಒಂದು ಕಬ್ಬಿಣದ ಸರಳು ಇದೆ. ಈಚೆ ಒತ್ತಿದರೆ ಆಚೆಯದೂ ತಾನಾಗಿ ಕೆಳಗಿಳಿಯುತ್ತದೆ. ಜೆಪಿ ನಗರದ ಬೇರೆ ಡ್ರೈವಿಂಗ್ ಸ್ಕೂಲುಗಳ ಮೇಷ್ಟರುಗಳು ಆ ಪೆಡಲಿನ ಮೇಲೆ ಹಗಲಿಡೀ ಕುಣಿಯುತ್ತಾರೆ. ಪಾಪ, ಕಲಿಯುವ ಹೆಂಗಸರು ತಾವೇ ಕಾರು ನಿಲ್ಲಿಸಿದೆವೆಂದು ಖುಷಿಯಾಗಿ ಮನೆಗೆ ಹೋಗಿ, ಒಬ್ಬರೇ ಗಾಡಿ ತೆಗೆದ ಮೊದಲ ದಿನವೇ ಕಾಂಪೌಂಡಿಗೆ ಗುದ್ದುತ್ತಾರೆ.

ಲತಾಮಣಿ ಹಾಗಲ್ಲ. ಅವಳ ಪಾದ ಪೆಡಲಿನ ಪಕ್ಕದಲ್ಲಿ ಸುಮ್ಮನೆ ಮಲಗಿರುತ್ತಿತ್ತು. ನಾಯಿ ಅಡ್ಡ ಬರಲಿ, ಆಟೋದವನು ಸಿಗ್ನಲ್ ಕೊಡದೆ ತಿರುಗಲಿ, ಆಗಲೂ ಅವಳು ಮೊದಲು ಬಾಯಲ್ಲಿ ಹೇಳುವವಳು: "ನೋಡಿದ್ರಾ? ಏನ್ ಮಾಡ್ತೀರ ಈಗ?" ಕೊನೇ ಗಳಿಗೆಯವರೆಗೂ ಕಾಯುವಷ್ಟು ಧೈರ್ಯ ಅವಳಿಗಿತ್ತು, ಏಕೆಂದರೆ ಕೊನೇ ಗಳಿಗೆ ಎಲ್ಲಿದೆಯೆಂದು ಅವಳ ಕಣ್ಣಿಗೆ ಗೊತ್ತಿತ್ತು. ಅದಕ್ಕೇ ಹೆದರುಪುಕ್ಕಿಯರನ್ನೆಲ್ಲ ಸ್ಕೂಲಿನ ಮಾಲೀಕ ಏಕಾಂತಯ್ಯ ಅವಳ ಕಾರಿಗೇ ಹಾಕುತ್ತಿದ್ದ.

ಆದರೆ ನಲವತ್ತೆಂಟು ದಾಟಿದ ಮೇಲೆ ಆ ಕಣ್ಣು ಬೇರೆಯೇ ತಕರಾರು ತೆಗೆಯಿತು. ಕಾಲೇಜಿನ ದಿನಗಳಿಂದ ಅವಳಿಗೆ ದೂರದ್ದು ಕಾಣುತ್ತಿರಲಿಲ್ಲ. ಅದಕ್ಕೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಬದುಕು ಸಾಗಿತ್ತು. ಈಗ ಆ ಲೆನ್ಸ್ ಹಾಕಿಕೊಂಡರೆ ಫೋನಿನ ಅಕ್ಷರಗಳು ಇರುವೆಯ ಸಾಲಾಗಿ ಹರಿದು ಹೋಗತೊಡಗಿದವು. ಹೊಸದಾಗಿ ಸೇರಿದವರ ಕಲಿಕಾ ಲೈಸೆನ್ಸಿನ ತಾರೀಖು ಓದಲು ಕೈಯನ್ನು ಪೂರ್ತಿ ಚಾಚಬೇಕಾಯಿತು. ಕೈ ಚಾಚಿದ್ದನ್ನು ಏಕಾಂತಯ್ಯ ನೋಡಿಬಿಟ್ಟರೆ ಎಂಬುದೇ ಅವಳ ಭಯ.

ಭಯಕ್ಕೆ ಕಾರಣವೂ ಇತ್ತು. ಸ್ಕೂಲಿನ ಹಳೆಯ ಮೇಷ್ಟ್ರು ದಾಸಪ್ಪ ಹೀಗೆಯೇ ಕೈ ಚಾಚಿ ಚಾಚಿ ಓದುತ್ತಿದ್ದ. ಒಂದು ದಿನ ಮೂಗಿನ ತುದಿಗೆ ಕನ್ನಡಕ ಏರಿಸಿಕೊಂಡು ಬಂದ. ಅದೇ ವಾರ ಕಲಿಯಲು ಬಂದ ಹುಡುಗಿಯೊಬ್ಬಳು, ಈ ಅಂಕಲ್‌ಗೆ ಕಣ್ಣು ಕಾಣುತ್ತಾ ಎಂದು ಕೇಳಿದಳು. ಅಷ್ಟೇ ಸಾಕಾಯಿತು, ಏಕಾಂತಯ್ಯ ಅವನ ಕಾರಿನ ಕೀ ತೆಗೆದು ಗೋಡೆಯ ಮೊಳೆಗೆ ನೇತುಹಾಕಿ ಅವನನ್ನು ಆರ್‌ಟಿಓ ಓಡಾಟಕ್ಕೆ ಕಳಿಸಿದ. ದಾಸಪ್ಪ ಮತ್ತೆ ಆ ಕೀ ಮುಟ್ಟಲಿಲ್ಲ. ಲತಾಮಣಿಗೆ ಕಾರು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇರೆ ಕೆಲಸ ಬೇಕೂ ಇರಲಿಲ್ಲ.

ಹಾಗಾಗಿ ಅವಳು ಯಾರಿಗೂ ಹೇಳದೆ ಜಯನಗರ ನಾಲ್ಕನೇ ಬ್ಲಾಕಿನ ಕನ್ನಡಕದ ಅಂಗಡಿಯೊಂದಕ್ಕೆ ಹೋದಳು. ಅಲ್ಲಿ ಕಣ್ಣು ಪರೀಕ್ಷೆ ಮಾಡುವವನು ಭಾರ್ಗವ ಎಂಬ ಯುವಕ. ಮಾತು ಮೆತ್ತಗೆ, ಪ್ರಶ್ನೆಗಳು ಜಾಸ್ತಿ.

"ಮೇಡಂ, ವಯಸ್ಸಾದ್ಮೇಲೆ ಎಲ್ರಿಗೂ ಕಣ್ಣೊಳಗಿನ ಮಸೂರ ಬಿಗಿಯಾಗುತ್ತೆ, ಹತ್ರದ್ದು ನೋಡೋಕೆ ಬಗ್ಗಲ್ಲ. ಲೆನ್ಸ್‌ನಲ್ಲೇ ಎರಡೂ ಕಾಣ್ಬೇಕು ಅಂದ್ರೆ ಎರಡು ದಾರಿ ಇದೆ," ಎಂದು ಅವನು ಶುರು ಮಾಡಿದ. ಮೊದಲನೆಯದು ಮಲ್ಟಿಫೋಕಲ್. ಒಂದೇ ಲೆನ್ಸಿನಲ್ಲಿ ದೂರದ ಪವರ್ರೂ ಹತ್ತಿರದ ಪವರ್ರೂ ಸುತ್ತುಸುತ್ತಾಗಿ ಇರುತ್ತವೆ. ಎರಡು ಬಗೆಯ ಬೆಳಕೂ ಒಟ್ಟಿಗೇ ಕಣ್ಣೊಳಗೆ ಹೋಗುತ್ತದೆ, ಯಾವುದು ಬೇಕೋ ಅದನ್ನು ಮೆದುಳು ಆರಿಸಿಕೊಳ್ಳುತ್ತದೆ. ಎರಡು ಕಣ್ಣೂ ಜೊತೆಯಾಗಿ ಕೆಲಸ ಮಾಡುವುದರಿಂದ ಆಳ, ಅಂತರ ಚೆನ್ನಾಗಿಯೇ ತಿಳಿಯುತ್ತದೆ. ಆದರೆ ಕತ್ತಲಾದರೆ ದೀಪಗಳ ಸುತ್ತ ಪ್ರಭೆ ಕಾಣಬಹುದು, ಮಬ್ಬು ಬೆಳಕಿನಲ್ಲಿ ಎಲ್ಲವೂ ಒಂದು ಸುತ್ತು ಮಾಸಿದ ಹಾಗಿರಬಹುದು.

ಮೊದಲು ಅದನ್ನೇ ಹಾಕಿ ಕಳಿಸಿದ. ಹಗಲೆಲ್ಲ ಪರವಾಗಿರಲಿಲ್ಲ. ಸಂಜೆಯಾಗುತ್ತಲೇ ಎದುರು ಬರುವ ಒಂದೊಂದು ಗಾಡಿಯ ದೀಪಕ್ಕೂ ಉಂಗುರ ಕಟ್ಟಿಕೊಂಡಿತು. ರಸ್ತೆ ಹಂಪಿನ ಮೇಲೆ ಬಳಿದಿದ್ದ ಬಿಳಿ ಪಟ್ಟೆ ಬೂದು ರಸ್ತೆಯೊಳಗೇ ಕರಗಿಹೋಯಿತು. ಒಗ್ಗಿಕೊಳ್ಳಲು ಎರಡು ವಾರವಾದರೂ ಬೇಕೆಂದು ಭಾರ್ಗವ ಹೇಳಿದ್ದ. ಲತಾಮಣಿಗೆ ತಾಳ್ಮೆಯೆಲ್ಲ ಕಲಿಯುವವರ ಮೇಲೆಯೇ ಖರ್ಚಾಗುತ್ತಿತ್ತು, ತನಗೆಂದು ಉಳಿದಿರಲಿಲ್ಲ. ನಾಲ್ಕೇ ದಿನಕ್ಕೆ ವಾಪಸ್ ಹೋದಳು.

"ಹಾಗಿದ್ರೆ ಇನ್ನೊಂದು ದಾರಿ, ಮೋನೋವಿಷನ್. ಒಂದು ಕಣ್ಣು ದೂರಕ್ಕೆ, ಇನ್ನೊಂದು ಹತ್ರಕ್ಕೆ," ಎಂದ ಭಾರ್ಗವ. ಎರಡೂ ಕೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿಸಿ, ಅದರಲ್ಲಿ ಗೋಡೆಯ ಗಡಿಯಾರ ನೋಡಿಸಿ, ಗುರಿ ಹಿಡಿದು ನೋಡುವುದರಲ್ಲಿ ಅವಳ ಬಲಗಣ್ಣೇ ಮುಂದಾಳೆಂದು ಕಂಡುಕೊಂಡ. ಬಲಗಣ್ಣಿಗೆ ದೂರದ ಪೂರ್ತಿ ಪವರ್ ಕೊಟ್ಟ. ಎಡಗಣ್ಣಿನದನ್ನು ಓದಲು ಆಗುವಷ್ಟು ಇಳಿಸಿದ. "ಒಂದು ಮಾತು ಕೇಳ್ತೀನಿ. ಡ್ರೈವಿಂಗ್ ಎಷ್ಟು ಮಾಡ್ತೀರ? ಏನ್ ಕೆಲಸ ನಿಮ್ದು?"

ಆಗ ಲತಾಮಣಿಯ ಕಣ್ಣಮುಂದೆ ಬಂದದ್ದು ಮೊಳೆಗೆ ನೇತಾಡುತ್ತಿದ್ದ ದಾಸಪ್ಪನ ಕೀ. "ಮನೇಲೇ ಇರ್ತೀನಿ ಸಾರ್. ತರಕಾರಿಗೆ ಅಂತ ಸ್ಕೂಟರ್ ಒಂಚೂರು," ಎಂದಳು, ತಡವರಿಸದೆ.

"ಹಾಗಾದ್ರೆ ತೊಂದ್ರೆ ಇಲ್ಲ. ಒಗ್ಗೋವರೆಗೂ ಸಂಜೆ ಸ್ಕೂಟರ್ ಬೇಡ. ಆಮೇಲೂ ಕತ್ತಲಲ್ಲಿ ಓಡಿಸೋದಿದ್ರೆ ಇದರ ಮೇಲೆ ಹಾಕ್ಕೊಳ್ಳೋಕೆ ಒಂದು ಕನ್ನಡಕ ಮಾಡಿಸ್ಕೊಳ್ಳಿ, ಎಡಗಣ್ಣಿಗೂ ದೂರದ್ದು ಕಾಣೋ ಹಾಗೆ." ಲತಾಮಣಿ ತಲೆಯಾಡಿಸಿದಳು. ಕನ್ನಡಕ ಬೇಡವೆಂದೇ ಇಲ್ಲಿಗೆ ಬಂದವಳಿಗೆ ಮತ್ತೆ ಕನ್ನಡಕದ ಮಾತೇ? ಮನೆಯಲ್ಲಿ ತರಕಾರಿ ಹೆಚ್ಚುವ, ಫೋನ್ ನೋಡುವ ಹೆಂಗಸಿಗೆಂದು ಅವನು ಅಳೆದು ಕೊಟ್ಟ ಲೆನ್ಸ್ ಹಾಕಿಕೊಂಡು, ಮಾರನೆಯ ದಿನವೇ ಅವಳು ಡ್ರೈವಿಂಗ್ ಸ್ಕೂಲಿನ ಕಾರು ಹತ್ತಿದಳು.

ಮೊದಮೊದಲು ಅದೇ ಸ್ವರ್ಗ. ಫೋನ್ ಓದಬಹುದು, ದೂರದ ಬಸ್ಸಿನ ನಂಬರೂ ಓದಬಹುದು. ಸಾರಕ್ಕಿಯ ತನ್ನ ಮನೆಯಲ್ಲಿ ಲೋಟಕ್ಕೆ ಡಿಕಾಕ್ಷನ್ ಬಗ್ಗಿಸುವಾಗ ಒಂದೆರಡು ಸಲ ಅಂಚಿನಾಚೆ ಚೆಲ್ಲಿತು. ಮೆಟ್ಟಿಲಿಳಿಯುವಾಗ ಕೊನೆಯ ಮೆಟ್ಟಿಲು ಇನ್ನೂ ಇದೆಯೆಂದುಕೊಂಡು ನೆಲವನ್ನೇ ಒದ್ದಳು. ವಯಸ್ಸಾಯಿತು ಎಂದು ತನಗೆ ತಾನೇ ನಕ್ಕಳು, ಲೆನ್ಸಿನ ಮೇಲೆ ಅನುಮಾನ ಪಡಲಿಲ್ಲ.

ಆ ತಿಂಗಳು ಅವಳ ಕಾರಿಗೆ ಬಂದವಳು ಸಂಗೀತಾ. ವಸಂತಪುರದವಳು, ಮೂವತ್ತೈದರ ಆಸುಪಾಸು, ಬ್ಯಾಂಕಿನಲ್ಲಿ ಕೆಲಸ. ಶೋಕಿಗೆಂದು ಕಲಿಯಲು ಬಂದವಳಲ್ಲ ಅವಳು. ಅವಳ ಗಂಡ ಸುಮನ್‌ಗೆ ಈಚೆಗೆ ಫಿಟ್ಸ್ ಬಂದಿತ್ತು, ಅದೂ ಎರಡು ಸಲ. ತಾವು ಹೇಳುವವರೆಗೂ ಸ್ಟೀರಿಂಗ್ ಮುಟ್ಟಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಸುಮನ್‌ನ ತಾಯಿ ಮುರಿಗೆವ್ವನಿಗೆ ವಾರಕ್ಕೆ ಮೂರು ಸಲ ಜಯನಗರದಲ್ಲಿ ಡಯಾಲಿಸಿಸ್. ಕರೆದ ಕ್ಯಾಬುಗಳು ಬರುತ್ತೇನೆಂದು ಒಪ್ಪಿ, ಗೇಟಿನ ಹತ್ತಿರ ಬಂದು ಕ್ಯಾನ್ಸಲ್ ಮಾಡುತ್ತಿದ್ದವು. ಮನೆಯ ಕಾರು ಮಾತ್ರ ಮುಸುಕು ಹಾಕಿಕೊಂಡು ಕೆಳಗೆ ನಿಂತಿತ್ತು.

"ಮೇಡಂ, ನಂಗೆ ಬೇರೆ ಏನೂ ಬೇಡ. ನಮ್ಮತ್ತೇನ ಆಸ್ಪತ್ರೆಗೆ ಕರ್ಕೊಂಡೋಗಿ ವಾಪಸ್ ಕರ್ಕೊಂಡ್ ಬರೋಷ್ಟು ಕಲಿಸಿಬಿಡಿ," ಎಂದಿದ್ದಳು ಸಂಗೀತಾ ಮೊದಲ ದಿನ.

"ಅಷ್ಟೇನಾ? ಅಷ್ಟು ಕಲಿತ್ರೆ ಮೈಸೂರಿಗೂ ಹೋಗ್ತೀರ ಬಿಡಿ," ಎಂದಿದ್ದಳು ಲತಾಮಣಿ. ಕ್ಲಾಸು ಇರುತ್ತಿದ್ದದ್ದು ಬ್ಯಾಂಕಿನ ಕೆಲಸ ಮುಗಿದ ಮೇಲೆ, ಸಂಜೆ.

ಸಂಗೀತಾ ನಿಜಕ್ಕೂ ಚುರುಕು. ಕ್ಲಚ್ ಹದ ಬೇಗ ಹಿಡಿದಳು, ಕನ್ನಡಿ ನೋಡುವುದನ್ನು ಮರೆಯುತ್ತಿರಲಿಲ್ಲ. ಆದರೂ ದಿನ ಕಳೆದಂತೆ ಅವಳ ಓಟ ಸುಧಾರಿಸುವ ಬದಲು ಹದಗೆಡುತ್ತ ಬಂತು. ಟ್ರಾಫಿಕ್ಕಿನಲ್ಲಿ ಮುಂದಿನ ಆಟೋದ ಹಿಂದೆ ಮೆಲ್ಲಗೆ ಹೋಗಿ ನಿಲ್ಲುವಾಗಲೆಲ್ಲ ಕಾರು ಬೇಗನೆ ಜರ್ಕ್ ಹೊಡೆದು ನಿಲ್ಲುತ್ತಿತ್ತು. ಹಿಂದಿನವರು ಹಾರ್ನ್ ಬಾರಿಸಿ ಬೈಯುತ್ತಿದ್ದರು. "ಅಷ್ಟು ದೂರ ಯಾಕ್ರೀ ಬಿಡ್ತೀರ? ಹೋಗಿ ಹೋಗಿ," ಎಂದು ಬಾಯಲ್ಲಿ ಹೇಳುತ್ತಲೇ, ಮರುಕ್ಷಣ ತಗುಲಿಯೇಬಿಟ್ಟಿತು ಎನ್ನಿಸಿ ಲತಾಮಣಿಯ ಕಾಲು ಪೆಡಲಿನ ಮೇಲಿರುತ್ತಿತ್ತು. ಅದು ಹೋಗಿದ್ದು ಅವಳಿಗೇ ಗೊತ್ತಾಗುತ್ತಿರಲಿಲ್ಲ.

"ಮೇಡಂ, ಬ್ರೇಕ್ ತಾನಾಗೇ ಇಳೀತಿದೆ," ಎಂದಳು ಸಂಗೀತಾ ಒಂದು ಸಂಜೆ.

"ತಾನಾಗೇ ಇಳಿಯೋಕೆ ದೆವ್ವ ಇದ್ಯಾ? ನಿಮ್ಮ ಕಾಲೇ ಭಯಕ್ಕೆ ಒತ್ತುತ್ತಿರುತ್ತೆ. ಮನಸ್ಸು ಗಟ್ಟಿ ಮಾಡ್ಕೊಳ್ಳಿ."

ಸಂಗೀತಾ ನಂಬಿದಳು. ಮೇಷ್ಟ್ರು ಹೇಳಿದ್ದನ್ನು ನಂಬದೆ ಏನು ಮಾಡುತ್ತಾಳೆ? ಅಂದಿನಿಂದ ಅವಳು ರಸ್ತೆಗಿಂತ ಹೆಚ್ಚಾಗಿ ತನ್ನ ಕಾಲಿಗೇ ಹೆದರತೊಡಗಿದಳು. ಗಾಡಿ ಕಲಿಯುವವರಿಗೆ ಅದಕ್ಕಿಂತ ಕೆಟ್ಟ ಭಯ ಬೇರೊಂದಿಲ್ಲ, ಅದನ್ನು ಅವಳ ಎದೆಯೊಳಗಿಟ್ಟವಳು ಲತಾಮಣಿಯೇ.

ಆ ಶುಕ್ರವಾರ ಸಂಜೆ ಬೀದಿದೀಪಗಳು ಆಗತಾನೇ ಹತ್ತಿದ್ದವು. ಜೆಪಿ ನಗರದ ಒಳರಸ್ತೆಯಲ್ಲಿ ಮರಗಳ ಕೆಳಗೆ ಆಗಲೇ ಕತ್ತಲು ತುಂಬಿತ್ತು. ಎದುರಿನಿಂದ ಒಂದು ಬೈಕು, ಹೈಬೀಮ್ ಹಾಕಿಕೊಂಡು ಬರುತ್ತಿತ್ತು. ಲತಾಮಣಿಗೆ ಆ ದೀಪ ಇದ್ದಕ್ಕಿದ್ದಂತೆ ಅರಳಿ, ತಟ್ಟೆಯಷ್ಟು ಅಗಲವಾಗಿ, ಮುಂದಿನ ಗಾಜಿಗೇ ಬಂದು ಬಡಿಯಿತು ಎನ್ನಿಸಿತು. ಕಾಲು ಪೂರ್ತಿ ಇಳಿಯಿತು.

ಕಾರು ನಡುರಸ್ತೆಯಲ್ಲಿ ಕಲ್ಲಾಗಿ ನಿಂತಿತು. ಎದುರಿನ ಬೈಕು ಇನ್ನೂ ಸಾಕಷ್ಟು ದೂರದಲ್ಲಿ, ತನ್ನ ಪಾಡಿಗೆ ತನ್ನ ಬದಿಯಲ್ಲಿ ಬರುತ್ತಿತ್ತು. ಪಕ್ಕದಿಂದ ಹಾದು ಹೊರಟೂ ಹೋಯಿತು. ಆದರೆ ಹಿಂದೆ ಬರುತ್ತಿದ್ದ ಸ್ಕೂಟರ್ ಕಾರಿನ ಹಿಂಭಾಗಕ್ಕೆ ಬಡಿದು, ಸವಾರ ರಸ್ತೆಗೆ ಬಿದ್ದ. ಭೀಮೇಶ್ ಎಂದು ಅವನ ಹೆಸರು, ಊಟ ತಲುಪಿಸುವ ಕೆಲಸ. ಮಣಿಕಟ್ಟು ಹಿಡಿದುಕೊಂಡು ಕೂತ. ಬ್ಯಾಗಿನಲ್ಲಿದ್ದ ಸಾಂಬಾರು ರಸ್ತೆಯ ಮೇಲೆ ಹರಿಯಿತು.

ಜನ ಸೇರಿದರು. ಕಾರಿನ ಮೇಲೆ ಕೆಂಪಕ್ಷರದ 'ಎಲ್', ಸ್ಟೀರಿಂಗ್ ಮುಂದೆ ನಡುಗುತ್ತಿರುವ ಹೆಂಗಸು. ತೀರ್ಪಿಗೆ ಇನ್ನೇನು ಬೇಕು? "ಮನೇಲಿರೋದು ಬಿಟ್ಟು ನಮ್ಮ ಪ್ರಾಣ ತೆಗೆಯೋಕೆ ಬರ್ತಾರೆ," ಎಂದ ಒಬ್ಬ. ಭೀಮೇಶ್ ನೋವಿನಲ್ಲಿ, "ಯಾಕಕ್ಕಾ ಸುಮ್‌ಸುಮ್ನೆ ಬ್ರೇಕ್ ಹೊಡ್ದೆ? ಈಗ ನಾನೆಂಗೆ ದುಡೀಲಿ?" ಎಂದು ಸಂಗೀತಾಳನ್ನೇ ಕೇಳಿದ.

ಸಂಗೀತಾ ಬಿಳಿಚಿಕೊಂಡು ಲತಾಮಣಿಯ ಕಡೆ ತಿರುಗಿದಳು. "ನಾನ್ ಒತ್ತಿದ್ನಾ ಮೇಡಂ? ನಾನೇ ಒತ್ತಿದ್ನಾ?"

ಲತಾಮಣಿಯ ಪಾದ ಇನ್ನೂ ಪೆಡಲಿನ ಮೇಲೇ ಇತ್ತು. ಅದನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. "ಹೊಸಬರಿಗೆ ಆಗುತ್ತೆ," ಎಂದಳು.

ಹೇಳಿದ್ದು ಅಷ್ಟೇ. ಭೀಮೇಶನನ್ನು ಆಸ್ಪತ್ರೆಗೆ ಕರೆದೊಯ್ದದ್ದು, ಮಣಿಕಟ್ಟಿಗೆ ಪಟ್ಟಿ ಹಾಕಿಸಿದ್ದು, ಏಕಾಂತಯ್ಯ ಬಂದು ಇನ್ಶೂರೆನ್ಸ್ ಮಾತಾಡಿದ್ದು, ಇವೆಲ್ಲ ಆ ಒಂದು ಮಾತಿನ ಮೇಲೆಯೇ ನಡೆದವು. ಏಕಾಂತಯ್ಯ, "ಲತಮ್ಮ, ನೀವ್ ಇದ್ದಿದ್ದಕ್ಕೆ ಇಷ್ಟರಲ್ಲೇ ಹೋಯ್ತು," ಎಂದಾಗಲೂ ಲತಾಮಣಿ ಬಾಯಿ ಬಿಡಲಿಲ್ಲ.

ಮಾರನೆಯ ಸಂಜೆ ಅವಳು ಮನೆಯ ತಾರಸಿಗೆ ಹೋಗಿ ನಿಂತಳು. ದೂರದಲ್ಲಿ ಕನಕಪುರ ರಸ್ತೆಯ ಗಾಡಿಗಳ ದೀಪಗಳು ಕಾಣುತ್ತಿದ್ದವು. ಎಡಗಣ್ಣು ಮುಚ್ಚಿದಳು. ಒಂದೊಂದು ದೀಪವೂ ಕುಂಕುಮದ ಬೊಟ್ಟಿನ ಹಾಗೆ ಅಚ್ಚುಕಟ್ಟಾಗಿ ಕೂತಿತು. ಎಡಗಣ್ಣು ತೆರೆದಳು. ಎಲ್ಲ ಬೊಟ್ಟುಗಳೂ ಎಣ್ಣೆಯಲ್ಲಿ ಕದಡಿದಂತೆ ಹರಡಿಕೊಂಡವು. ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. ನಡುವೆ ಎಲ್ಲಾದರೂ ಬೇರೆ ಉತ್ತರ ಸಿಕ್ಕೀತೆಂಬ ಆಸೆ. ಸಿಗಲಿಲ್ಲ.

ಗೊತ್ತಾದ ಮೇಲೂ ಅವಳು ಸುಮ್ಮನಿದ್ದಳು. ಇದನ್ನು ಹೇಳಲು ನನಗೂ ಬೇಸರ, ಆದರೆ ನಡೆದದ್ದು ಹಾಗೆಯೇ. ಒಂದು ಸಂಜೆ ಹೊಟ್ಟೆನೋವೆಂದು ಕ್ಲಾಸು ತಪ್ಪಿಸಿದಳು, ಇನ್ನೊಂದು ಸಂಜೆ ಇನ್ನೊಂದು ನೆಪ. ಸಂಗೀತಾ ತಾನೇ ಬರುವುದನ್ನು ನಿಲ್ಲಿಸಿದ್ದಳು. ಲತಾಮಣಿಗೆ ನಾಚಿಕೆಯ ಜೊತೆಗೆ ನಿರಾಳವೂ ಆಯಿತು. ಆ ನಿರಾಳಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಬುಧವಾರ ಬೆಳಿಗ್ಗೆ ಸುಮನ್‌ನ ಫೋನ್ ಬಂತು. ಮರ್ಯಾದಸ್ಥ, ಮಾತಿನಲ್ಲಿ ಕೋಪವಿರಲಿಲ್ಲ.

"ಮೇಡಂ, ಸಂಗೀತಾ ಇನ್ಮೇಲೆ ಬರಲ್ಲ. ಮನೇಲಿ ಕೂತ್ಕೊಂಡು ಬಲಗಾಲು ನೋಡ್ಕೋತಾಳೆ, ಅಳ್ತಾಳೆ. ನನ್ ಕಾಲು ನನ್ ಮಾತು ಕೇಳಲ್ಲ, ಅತ್ತೇನ ಕೂರಿಸ್ಕೊಂಡು ಹೋಗಿ ಸಾಯಿಸಿಬಿಡ್ತೀನಿ ಅಂತಾಳೆ. ಪಾಪ, ಎಲ್ರಿಗೂ ಬರೋ ವಿದ್ಯೆ ಅಲ್ಲ ಅದು. ಬಿಡಿ."

"ಮತ್ತೆ ನಿಮ್ಮ ತಾಯೀನ..."

"ನಾನೇ ಓಡಿಸ್ತೀನಿ. ನಾಳೆ ಮಧ್ಯಾಹ್ನದ ಡಯಾಲಿಸಿಸ್‌ಗೆ ನಾನೇ ಕರ್ಕೊಂಡೋಗ್ತೀನಿ. ಮಾತ್ರೆ ತಗೋತಿದ್ದೀನಲ್ಲ, ಈಗ ಏನೂ ಆಗ್ತಿಲ್ಲ. ಇನ್ನೇನ್ ಮಾಡೋದು ಹೇಳಿ."

ಲತಾಮಣಿ ಬೇಡವೆನ್ನಲು ಬಾಯಿ ತೆರೆದಳು. ಯಾವ ಮುಖ ಇಟ್ಟುಕೊಂಡು ಹೇಳುವುದು? ತೊಂದರೆ ಇಟ್ಟುಕೊಂಡು ಗಾಡಿ ಮುಟ್ಟಬೇಡಿ ಎಂದು ಹೇಳಬೇಕಾದವಳೇ ತೊಂದರೆ ಇಟ್ಟುಕೊಂಡು ಗಾಡಿ ಹತ್ತಿದ್ದಳು.

ಅವಳು ನೇರವಾಗಿ ಜಯನಗರಕ್ಕೆ ಹೋದಳು. ಭಾರ್ಗವನ ಮುಂದೆ ಕೂತು, ಕುರ್ಚಿ ಬಿಸಿಯಾಗುವ ಮೊದಲೇ, "ನಾನು ಮನೇಲಿರೋಳಲ್ಲ ಸಾರ್. ಡ್ರೈವಿಂಗ್ ಕಲಿಸ್ತೀನಿ," ಎಂದಳು. ನಡೆದದ್ದನ್ನೆಲ್ಲ ಹೇಳಿದಳು.

ಭಾರ್ಗವ ಪೂರ್ತಿ ಕೇಳಿಸಿಕೊಂಡ. ಆಮೇಲೆ ಕಪ್ಪು ಕನ್ನಡಕವೊಂದನ್ನು ಹಾಕಿಸಿ ಒಂದು ಪುಸ್ತಕ ತೆರೆದ. ಪ್ರತಿ ಚೌಕದಲ್ಲೂ ನಾಲ್ಕು ಉಂಗುರಗಳು. ನಾಲ್ಕರಲ್ಲಿ ಒಂದು ಮೇಲೆದ್ದು ತೇಲಿದಂತೆ ಕಾಣುತ್ತದೆ, ಯಾವುದೆಂದು ಹೇಳಬೇಕು. ಲತಾಮಣಿ ಮೊದಲೆರಡು ಚೌಕ ಹೇಳಿದಳು. ಮೂರನೆಯದರಿಂದ ಎಲ್ಲವೂ ಕಾಗದದ ಮೇಲೆ ಚಪ್ಪಟೆಯಾಗಿ ಮಲಗಿದ್ದವು. ಅವನು ಎಡಗಣ್ಣಿನ ಲೆನ್ಸ್ ತೆಗೆಸಿ, ದೂರದ ಪೂರ್ತಿ ಪವರಿನ ಲೆನ್ಸ್ ಹಾಕಿಸಿ, ಓದಲು ಒಂದು ಕನ್ನಡಕ ಕೊಟ್ಟು, ಅದೇ ಪುಟ ತೋರಿಸಿದ. ಉಂಗುರಗಳು ಒಂದೊಂದಾಗಿ ಎದ್ದು ಬಂದವು. ಲತಾಮಣಿ ಎಂಟನೆಯದರವರೆಗೂ ಹೇಳಿದಳು.

"ಎರಡು ಕಣ್ಣಿನ ಚಿತ್ರಾನೂ ಹೋಲಿಸಿ ನೋಡಿದ್ರೇನೇ ಮೆದುಳಿಗೆ ಸಣ್ಣ ಅಂತರ ತಿಳಿಯೋದು. ಒಂದು ಚಿತ್ರ ಮಸುಕಾದ್ರೆ ಹೋಲಿಸೋಕೆ ಆಗಲ್ಲ," ಎಂದ ಭಾರ್ಗವ. "ದೂರದ ಗಾಡಿಗೆ ಅದು ಅಷ್ಟು ಮುಖ್ಯ ಅಲ್ಲ, ಬೇರೆ ಗುರುತುಗಳಿರ್ತವೆ. ಆದ್ರೆ ಟ್ರಾಫಿಕ್‌ನಲ್ಲಿ ನಿಮ್ ಮುಂದೇನೇ ನಿಂತಿರೋ ಆಟೋಗೆ, ಮೆಟ್ಟಿಲಿಗೆ, ಲೋಟಕ್ಕೆ ಗೊತ್ತಾಗುತ್ತೆ."

"ಮತ್ತೆ ಆ ಬೈಕಿನ ದೀಪ?"

"ಹಗಲಲ್ಲಿ ಎಡಗಣ್ಣಿನ ಮಸುಕನ್ನ ಮೆದುಳು ಪಕ್ಕಕ್ಕೆ ತಳ್ಳಿಬಿಡುತ್ತೆ, ನಿಮಗೆ ಗೊತ್ತೂ ಆಗಲ್ಲ. ಕತ್ತಲಲ್ಲಿ ಪ್ರಖರವಾದ ದೀಪ ಬಂದ್ರೆ ತಳ್ಳೋಕಾಗಲ್ಲ. ಬಲಗಣ್ಣಿನ ಚುಕ್ಕೆ ಮೇಲೆ ಎಡಗಣ್ಣಿನ ಮಸುಕು ಕೂತ್ಕೊಳ್ಳುತ್ತೆ. ದೀಪ ದೊಡ್ಡದಾಗಿ ಕಾಣುತ್ತೆ. ನಿಮ್ಗೆ ಹತ್ರ ಬಂತು ಅನ್ಸಿರಬೇಕು."

"ಹಾಗಾದ್ರೆ ಮೊದಲು ಕೊಟ್ರಲ್ಲ, ಅದೇ ಸರಿಯಿತ್ತಾ?"

"ಅದರಲ್ಲಿ ಅಂತರ ಚೆನ್ನಾಗಿ ತಿಳೀತಿತ್ತು, ಉಂಗುರ ಕಾಡ್ತಿತ್ತು. ಒಂದು ಕೊಟ್ರೆ ಒಂದು ಬಿಡ್ಬೇಕು ಮೇಡಂ. ಎರಡೂ ಕೆಟ್ಟ ಲೆನ್ಸ್ ಅಲ್ಲ. ಮೋನೋವಿಷನ್ ಹಾಕ್ಕೊಂಡು ಹಾಯಾಗಿರೋರು ಎಷ್ಟೋ ಜನ ಇದ್ದಾರೆ, ಗಾಡಿ ಓಡಿಸೋರೂ ಇದ್ದಾರೆ. ಸಂಜೆ ಇನ್ನೊಬ್ಬರ ಜೀವ ಕಾಲಡಿ ಇಟ್ಕೊಂಡು ಕೂರ್ತೀನಿ ಅಂತ ಹೇಳಿದ್ರೆ ನಿಮ್ಗೆ ನಾನು ಅದನ್ನ ಕೊಡ್ತಾನೇ ಇರ್ಲಿಲ್ಲ." ಆಮೇಲೆ ತುಸು ತಗ್ಗಿದ ದನಿಯಲ್ಲಿ, "ನಾನೂ ಇನ್ನೊಂದು ಸಲ ಕೇಳ್ಬೇಕಿತ್ತು. ಸಂಜೆ ದೀಪದ ಬಗ್ಗೆ ಅಷ್ಟು ದೂರು ಹೇಳಿದವ್ರು ಬರೀ ತರಕಾರಿಗೆ ಹೋಗೋರಾ ಅಂತ," ಎಂದ.

ಅವನು ಕೊಟ್ಟ ಸಲಹೆ ಸರಳವಾಗಿತ್ತು. ಕೆಲಸದ ಹೊತ್ತಿನಲ್ಲಿ ಎರಡು ಕಣ್ಣಿಗೂ ದೂರದ ಲೆನ್ಸ್, ಓದಲು ಕೊರಳಿಗೊಂದು ಕನ್ನಡಕ. ರಜೆಯ ದಿನ ಬೇಕಾದರೆ ಮಲ್ಟಿಫೋಕಲ್ಲನ್ನು ನಿಧಾನವಾಗಿ ಅಭ್ಯಾಸ ಮಾಡಿಕೊಳ್ಳಬಹುದು. ಲತಾಮಣಿ ಕಪ್ಪು ದಾರದಲ್ಲಿ ಕನ್ನಡಕ ಕಟ್ಟಿಸಿಕೊಂಡು ಎದೆಯ ಮೇಲೆ ಇಳಿಬಿಟ್ಟಳು. ಮಾರನೆಯ ಬೆಳಿಗ್ಗೆ ಹಾಗೆಯೇ ಸ್ಕೂಲಿಗೆ ಹೋದಳು.

ಏಕಾಂತಯ್ಯ ಕನ್ನಡಕ ನೋಡಿದ, ಅವಳ ಮಾತು ಪೂರ್ತಿ ಕೇಳಿದ. ಬೈಯುತ್ತಾನೆಂದು ಕಾದಳು. ಅವನು ಬೈಯಲಿಲ್ಲ. ಮೇಜಿನ ಮೇಲಿದ್ದ ಅವಳ ಕಾರಿನ ಕೀ ಎತ್ತಿಕೊಂಡು ಹೋಗಿ ದಾಸಪ್ಪನ ಕೀ ಪಕ್ಕದ ಮೊಳೆಗೆ ಹಾಕಿದ.

"ಆ ಹುಡುಗಂಗೆ ಫೋನ್ ಮಾಡ್ದ್ರಾ?"

"ಮಾಡ್ದೆ. ಭೀಮೇಶ್‌ಗೆ ನಿಜ ಹೇಳ್ದೆ. ಬಾಯಿಗೆ ಬಂದಂಗೆ ಬೈದ."

"ಬೈಯ್ಲಿ. ಮೊದ್ಲು ವಸಂತಪುರದ ಆ ಸಂಗೀತಾ ಅವ್ರ ಮನೆಗೆ ಹೋಗಿ. ಕೀ ವಿಷ್ಯ ಆಮೇಲೆ ನೋಡೋಣ." ಅಷ್ಟು ಹೇಳಿ ಏಕಾಂತಯ್ಯ ಫೋನ್ ಎತ್ತಿಕೊಂಡ. ಆಮೇಲೆ ನೋಡುವುದು ಎಂದರೆ ನೋಡುವುದೋ ನೋಡದಿರುವುದೋ ಲತಾಮಣಿಗೆ ತಿಳಿಯಲಿಲ್ಲ.

ಆಟೋದಲ್ಲಿ ವಸಂತಪುರಕ್ಕೆ ಹೋದಳು. ಸ್ಕೂಲಿನ ರಿಜಿಸ್ಟರಿನಿಂದ ಬರೆದುಕೊಂಡಿದ್ದ ವಿಳಾಸ ಓದಲು ಕೊರಳ ಕನ್ನಡಕ ಏರಿಸಿಕೊಳ್ಳಬೇಕಾಯಿತು. ಆಟೋದವನು ಕನ್ನಡಿಯಲ್ಲಿ ನೋಡಿದ, ನೋಡಿಕೊಳ್ಳಲಿ ಎಂದುಕೊಂಡಳು. ಅಪಾರ್ಟ್‌ಮೆಂಟಿನ ಕೆಳಗೆ ಇಳಿದಾಗ ನಡುಹಗಲಿನ ಬಿಸಿಲು. ಕಾರಿನ ಮುಸುಕು ಆಗಲೇ ತೆಗೆದಾಗಿತ್ತು. ಹಿಂದಿನ ಸೀಟಿನಲ್ಲಿ ಮುರಿಗೆವ್ವ ಸೆರಗು ಹೊದ್ದು ಕಣ್ಣು ಮುಚ್ಚಿ ಕೂತಿದ್ದಳು. ಸುಮನ್ ಕೈಯಲ್ಲಿ ಕೀ ಹಿಡಿದು ಬಾಗಿಲು ತೆರೆಯುತ್ತಿದ್ದ. ಸಂಗೀತಾ ಆ ಬಾಗಿಲಿಗೆ ಅಡ್ಡ ನಿಂತು, "ರೀ, ಬೇಡ ರೀ, ಇನ್ನೊಂದು ಕ್ಯಾಬ್ ನೋಡೋಣ ರೀ," ಎಂದು ಬೇಡುತ್ತಿದ್ದಳು.

"ಎಷ್ಟು ಕ್ಯಾಬ್ ನೋಡೋದು? ನೀನಂತೂ ಓಡಿಸಲ್ಲ. ಪಕ್ಕಕ್ಕೆ ಸರಿ," ಎಂದ ಸುಮನ್.

"ಅವರು ಓಡಿಸ್ತಾರೆ," ಎಂದಳು ಲತಾಮಣಿ.

ಇಬ್ಬರೂ ತಿರುಗಿದರು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಅವಳಿಗೆ ಮರೆತುಹೋದವು. "ಅವತ್ತು ಬ್ರೇಕ್ ಒತ್ತಿದ್ದು ನಾನು ಸಂಗೀತಾ. ನಿಮ್ಮ ಕಾಲಲ್ಲ, ನನ್ನ ಕಾಲು. ಅವತ್ತೊಂದೇ ದಿನ ಅಲ್ಲ, ಅದಕ್ಕೂ ಮುಂಚೆ ಆಟೋ ಹಿಂದೆ ಜರ್ಕ್ ಹೊಡೀತಿತ್ತಲ್ಲ, ಅದೂ ನಾನೇ. ಲೆನ್ಸ್ ಬದಲಾಯಿಸಿದ್ದೆ. ಒಂದು ಕಣ್ಣಿಗೆ ದೂರದ್ದು ಮಸುಕಾಗಿತ್ತು. ಹತ್ರ ಯಾವ್ದು, ದೂರ ಯಾವ್ದು ತಿಳೀತಿರ್ಲಿಲ್ಲ. ದೆವ್ವ ಇದ್ಯಾ ಅಂತ ನಿಮ್ಮನ್ನ ಕೇಳಿದ್ನಲ್ಲ... ನಾನೇ ಅದು."

ಮಾತಾಡಿದವನು ಸುಮನ್, ಅವನ ಮುಖ ಕೆಂಪಾಗಿತ್ತು. "ಕಣ್ಣಲ್ಲಿ ತೊಂದ್ರೆ ಇದೆ ಅಂತ ಗೊತ್ತಿದ್ದೂ ಗಾಡಿ ಹತ್ತಿದ್ರಾ? ಪಕ್ಕದಲ್ಲಿ ಇನ್ನೊಬ್ಬರನ್ನ ಕೂರಿಸ್ಕೊಂಡು? ಏನಾದ್ರೂ ಆಗಿದ್ರೆ?"

"ಕಣ್ಣು ಪರೀಕ್ಷೆ ಮಾಡೋರ ಹತ್ರ ಸುಳ್ಳು ಹೇಳಿ ಹತ್ತಿದೆ. ಏನೂ ಆಗಲ್ಲ ಅಂದ್ಕೊಂಡೆ ಸಾರ್. ಬೇರೆ ದಾರಿ ಇಲ್ಲ ಅಂದ್ಕೊಂಡೆ."

ಸುಮನ್ ಮತ್ತೇನೋ ಹೇಳಲು ಬಾಯಿ ತೆರೆದ. ಅವನ ಕಣ್ಣು ನಿಧಾನವಾಗಿ ತನ್ನ ಕೈಯಲ್ಲಿದ್ದ ಕೀಯತ್ತ ಇಳಿಯಿತು, ಅಲ್ಲಿಂದ ಹಿಂದಿನ ಸೀಟಿನಲ್ಲಿದ್ದ ತಾಯಿಯತ್ತ ಹೋಯಿತು. ಆಮೇಲೆ ಅವನು ಕೀಯನ್ನು ಕಾರಿನ ಮೇಲಿಟ್ಟು, ಸುತ್ತಿ ಹೋಗಿ ತಾಯಿಯ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡ.

ಸಂಗೀತಾ ಕೀ ಎತ್ತಿಕೊಂಡಳು. "ಶುಕ್ರವಾರದಿಂದ ನಾನ್ ನಿದ್ದೆ ಮಾಡಿಲ್ಲ ಮೇಡಂ. ಕೇಳಿದ್ನಲ್ಲ ನಿಮ್ಮನ್ನ, ನಾನೇ ಒತ್ತಿದ್ನಾ ಅಂತ. ಅಲ್ಲ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು."

"ಹೌದು," ಎಂದಳು ಲತಾಮಣಿ. ಕ್ಷಮಿಸು ಎನ್ನುವ ಮಾತು ಬಾಯಿಯವರೆಗೂ ಬಂದು ಚಿಕ್ಕದೆನಿಸಿ ಹಿಂದೆ ಸರಿಯಿತು.

"ಈಗ ಕಾಣುತ್ತಾ?"

"ಎರಡೂ ಕಣ್ಣು ಕಾಣುತ್ತೆ. ಓದೋಕೆ ಮಾತ್ರ ಇದು," ಎಂದು ಲತಾಮಣಿ ಎದೆಯ ಮೇಲಿನ ಕನ್ನಡಕ ಮುಟ್ಟಿದಳು.

"ಹತ್ತಿ," ಎಂದಳು ಸಂಗೀತಾ, ಮುಖ ನೋಡದೆ.

ಲತಾಮಣಿ ಮೊದಲು ಸಂಗೀತಾಳ ಕಲಿಕಾ ಲೈಸೆನ್ಸ್ ಕೇಳಿ ಕನ್ನಡಕ ಏರಿಸಿ ತಾರೀಖು ನೋಡಿದಳು. ತನ್ನ ಬ್ಯಾಗಿನಲ್ಲಿದ್ದ 'ಎಲ್' ಹಾಳೆಗಳನ್ನು ಹಿಂದೆ ಮುಂದೆ ಅಂಟಿಸಿದಳು. ಎಡಗಡೆ ಸೀಟಿನಲ್ಲಿ ಕೂತಳು. ಅಭ್ಯಾಸಬಲದಿಂದ ಬಲಗಾಲು ಪೆಡಲನ್ನು ಹುಡುಕಿತು. ಅಲ್ಲಿ ಬರೀ ರಬ್ಬರ್ ಮ್ಯಾಟ್ ಇತ್ತು. ಇದು ಮನೆಯ ಕಾರು, ಬ್ರೇಕ್ ಒಂದೇ, ಅದು ಸಂಗೀತಾಳ ಕಾಲ ಕೆಳಗೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಲತಾಮಣಿಗೆ ಕಲಿಯುವವರ ಪಕ್ಕದಲ್ಲಿ ಕೂರಲು ಭಯವಾಯಿತು.

ಕಾರು ಗೇಟು ದಾಟಿತು. ವಸಂತಪುರದ ಇಳಿಜಾರು, ನೀರಿನ ಟ್ಯಾಂಕರ್, ತಳ್ಳುಗಾಡಿ. ಸಂಗೀತಾ ಉಸಿರು ಬಿಗಿಹಿಡಿದು ಓಡಿಸುತ್ತಿದ್ದಳು. ಹಿಂದಿನಿಂದ ಮುರಿಗೆವ್ವನ ನಿಟ್ಟುಸಿರು ಬಿಟ್ಟರೆ ಸದ್ದಿಲ್ಲ. ಕನಕಪುರ ರಸ್ತೆಗೆ ಸೇರುವ ಮೊದಲು ಮುಂದಿನ ಆಟೋ ಗಕ್ಕನೆ ನಿಂತಿತು. ಲತಾಮಣಿಯ ಕಾಲು ತಾನಾಗಿ ಮ್ಯಾಟನ್ನು ಒತ್ತಿತು. ಬಾಯಿಗೆ ಬಂದ ಕೂಗನ್ನು ಹಲ್ಲು ಕಚ್ಚಿ ತಡೆದಳು.

ಕಾರು ಮೆಲ್ಲಗೆ ಹೋಗಿ, ಜರ್ಕ್ ಇಲ್ಲದೆ, ಆಟೋದ ಹಿಂದೆ ಸರಿಯಾದ ಅಂತರದಲ್ಲಿ ನಿಂತಿತು. ಆ ಅಂತರ ಈಗ ಲತಾಮಣಿಗೂ ಸ್ಪಷ್ಟವಾಗಿ ಕಾಣುತ್ತಿತ್ತು.

ಸಂಗೀತಾ ಸ್ಟೀರಿಂಗ್ ಬಿಡದೆ, ತಲೆ ಬಗ್ಗಿಸಿ ಪೆಡಲಿನ ಮೇಲಿದ್ದ ತನ್ನ ಪಾದವನ್ನು ನೋಡಿದಳು. ಆಮೇಲೆ ಮ್ಯಾಟನ್ನು ಒತ್ತಿ ಹಿಡಿದಿದ್ದ ಲತಾಮಣಿಯ ಪಾದವನ್ನೂ ನೋಡಿದಳು.

"ಈಗ ಒತ್ತಿದ್ದು ಯಾರು ಮೇಡಂ?"

"ನೀವು," ಎಂದಳು ಲತಾಮಣಿ.

"ಹಿಂದೆ ಕೂತಿರೋರಿಗೂ ಕೇಳೋ ಹಾಗೆ ಹೇಳಿ."

ಲತಾಮಣಿ ಗಟ್ಟಿಯಾಗಿ ಹೇಳಿದಳು. ಆಟೋ ಮುಂದೆ ಹೊರಟಿತು, ಸಂಗೀತಾ ಕಾಲು ಸಡಿಲಿಸಿದಳು.